ಹಳೇ ಮನೆಯ ಇಂಟೀರಿಯರ್‌ಗೆ ಫಿಕ್ಸೆಡ್ ಕೋಟೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಸುತ್ತಮುತ್ತ ಇಂಟೀರಿಯರ್ ಕೆಲಸ ಹಿಡಿಯುವ ಹುಡುಗರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೊಸ ಮನೆಯ ಕೋಟೇಶನ್ ಸುಲಭ. ಖಾಲಿ ಗೋಡೆ ಇರುತ್ತದೆ, ಅಳೆದು ಲೆಕ್ಕ ಹಾಕಿದರೆ ಆಯ್ತು. ದುಡ್ಡು ಕೈ ಬಿಡುವುದು ಹಳೇ ಮನೆಯಲ್ಲಿ. ಅದಕ್ಕೇ ಇಲ್ಲಿ ಹಳೇ ಮನೆಯ ಅಡುಗೆಮನೆ ಒಂದನ್ನೇ ಇಟ್ಟುಕೊಂಡು ಹೇಳುತ್ತೇನೆ. ಇದರಲ್ಲಿರುವ ದರಗಳು ನನ್ನ ಆ ಕೆಲಸದವು. ನಿಮ್ಮ ದರ ನೀವೇ ಹಾಕಿಕೊಳ್ಳಿ.

ಕೆಲಸ ಚೆನ್ನಾಗೇ ಆಯ್ತು, ದುಡ್ಡೂ ಪೂರ್ತಿ ಬಂತು. ಆದರೂ ಕೈಯಲ್ಲಿ ಏನೂ ಉಳಿದಿಲ್ಲ. ಎಲ್ಲಿ ಹೋಯ್ತು?

ನನಗೂ ಹೀಗೇ ಆಗಿದೆ. ಬಸವನಹಳ್ಳಿಯ ಕಡೆ ಸುಮಾರು 40 ವರ್ಷದ ಒಂದು ಮನೆ. 10 ಅಡಿಗೆ 9 ಅಡಿ ಅಡುಗೆಮನೆ. ಹಳೇ ಕಡಪ ಕಲ್ಲಿನ ಕಟ್ಟೆ ಒಡೆದು ಗ್ರಾನೈಟ್ ಹಾಕಬೇಕು, ಗೋಡೆಗೆ ಹೊಸ ಟೈಲ್ಸ್, ಕೆಳಗೆ ಮೇಲೆ ಪ್ಲೈವುಡ್ ಕ್ಯಾಬಿನೆಟ್, ವೈರಿಂಗ್, ಪೇಂಟು. ನನ್ನ ಲೆಕ್ಕದಲ್ಲಿ ಖರ್ಚು 3,55,000 ರೂಪಾಯಿ. ನಾನು ಕೊಟ್ಟ ರೇಟು 4,25,000, ಜಿಎಸ್‌ಟಿ ಬೇರೆ. 70,000 ಉಳಿಯುತ್ತದೆ ಅಂದುಕೊಂಡಿದ್ದೆ.

ಟೈಲ್ಸ್ ಕೀಳುವಾಗ ಅದರ ಜೊತೆ ಒಂದು ಗೋಡೆಯ ಪ್ಲಾಸ್ಟರ್ ಪೂರ್ತಿ ಉದುರಿತು. 120 ಚದರ ಅಡಿ ಮತ್ತೆ ಹಾಕಿಸಲು 7,200. ಒಡೆದ ಕಲ್ಲು ಮಣ್ಣು ಸಾಗಿಸಲು ಎರಡು ಟ್ರ್ಯಾಕ್ಟರ್ ಲೋಡು, 5,000. ಗೋಡೆಯೊಳಗಿನ ಹಳೇ ಜಿಐ ಪೈಪು ತುಕ್ಕು ಹಿಡಿದಿತ್ತು, ಅದನ್ನು ಬದಲಿಸಲು 9,500. ಗೋಡೆ ವಾಲಿದ್ದರಿಂದ ಎರಡು ಕ್ಯಾಬಿನೆಟ್ ಮತ್ತೆ ಮಾಡಿಸಿದ್ದು 8,300. ಮನೆಯವರು ಮಧ್ಯೆ ಮಧ್ಯೆ ಹೇಳಿದ ಬದಲಾವಣೆ 14,000. ಮಳೆಗೆ 9 ದಿನ ಕೆಲಸ ನಿಂತು ಇಬ್ಬರು ಬಡಗಿಗಳ ಊಟ, ರೂಮು, ಬಾಟಾ 11,000.

ಒಟ್ಟು 55,000. ಉಳಿದದ್ದು 15,000. ಆ ಒಂದೂವರೆ ತಿಂಗಳು ನನ್ನ ಪೆಟ್ರೋಲು, ಫೋನು, ಅಂಗಡಿ ಬಾಡಿಗೆಯ ಪಾಲು, ಟೂಲ್ಸ್ ಸವೆತ ಎಲ್ಲಾ ಸೇರಿ 18,000 ಆಗಿತ್ತು. ಅದನ್ನು ನಾನು ಕೋಟೇಶನ್‌ನಲ್ಲಿ ಹಾಕಿಯೇ ಇರಲಿಲ್ಲ. ಅಂದ್ರೆ 3,000 ನಷ್ಟ.

ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದೇ ದೊಡ್ಡ ಪೆಟ್ಟು ಅಂತ ಯಾವುದೂ ಇಲ್ಲ. ಎಲ್ಲಾ ಐದು, ಎಂಟು, ಹತ್ತು ಸಾವಿರದ್ದು. ಬಂದಾಗ ಬಂದಾಗ "ಹೋಗಲಿ ಬಿಡು" ಅಂದುಕೊಂಡಿದ್ದೆ.

ಫಿಕ್ಸೆಡ್ ರೇಟು ಅಂದ ಮೇಲೆ ಎಲ್ಲಾ ಅದರೊಳಗೇ ಬರಬೇಕಲ್ವಾ?

ಇಲ್ಲ. ಕಣ್ಣಿಗೆ ಕಂಡಿದ್ದಕ್ಕೆ, ಅಳೆದಿದ್ದಕ್ಕೆ ಮಾತ್ರ ಫಿಕ್ಸೆಡ್ ರೇಟು ಕೊಡಬಹುದು. ಗೋಡೆಯ ಒಳಗೆ, ನೆಲದ ಕೆಳಗೆ, ಹಳೇ ಟೈಲ್ಸ್ ಹಿಂದೆ ಇರುವುದನ್ನು ಯಾರೂ ನೋಡಿಲ್ಲ. ನೋಡದೇ ಇರುವುದಕ್ಕೆ ಒಟ್ಟು ಮೊತ್ತ ಹೇಳುವ ಬದಲು ಅದಕ್ಕೊಂದು ದರ ಮೊದಲೇ ಬರೆದಿಡಬೇಕು.

ಆ ಪ್ಲಾಸ್ಟರ್ ಬಗ್ಗೆ ನಾನು ಹೀಗೆ ಬರೆಯಬೇಕಿತ್ತು: "ಹಳೇ ಟೈಲ್ಸ್ ತೆಗೆದ ಮೇಲೆ ಪ್ಲಾಸ್ಟರ್ ಗಟ್ಟಿ ಇಲ್ಲದಿದ್ದರೆ, ಕೆಡವಿ ಹೊಸದಾಗಿ ಹಾಕಲು ಚದರ ಅಡಿಗೆ 60 ರೂಪಾಯಿ. ಇಬ್ಬರೂ ಒಟ್ಟಿಗೆ ಅಳೆದ ಮೇಲೆ ಕೆಲಸ ಶುರು. ಅಡುಗೆಮನೆಗೆಲ್ಲಾ ಸೇರಿ 200 ಚದರ ಅಡಿ ದಾಟುವುದಿಲ್ಲ." ಆ ಕೊನೆಯ ಸಾಲು ಮುಖ್ಯ. ಮನೆಯವರಿಗೆ ಹೆದರಿಕೆ ಇರುವುದು ದರದ ಬಗ್ಗೆ ಅಲ್ಲ, ಎಲ್ಲಿಗೆ ಹೋಗಿ ನಿಲ್ಲುತ್ತದೋ ಅಂತ. ಜಾಸ್ತಿ ಅಂದ್ರೆ 12,000 ಅಂತ ಅವರಿಗೆ ಗೊತ್ತಾದರೆ ಅಷ್ಟನ್ನು ಬೇರೆ ಎತ್ತಿಡುತ್ತಾರೆ. ಆ ಮಿತಿಯನ್ನು ನೀವೂ ಸುಮ್ನೆ ಬರೆಯುವ ಹಾಗಿಲ್ಲ, ಗೋಡೆಗಳನ್ನು ಅಳೆದೇ ಬರೆಯಬೇಕು.

ನನ್ನ ಕೋಟೇಶನ್‌ನಲ್ಲಿ ಈಗ ಮೂರು ಭಾಗ ಇದೆ. ಫಿಕ್ಸೆಡ್ ಕೆಲಸ ಒಂದು, ಒಡೆದ ಮೇಲೆ ಅಳೆದು ಸೇರುವ ಕೆಲಸ ಇನ್ನೊಂದು. ನಮ್ಮದಲ್ಲದ ಕೆಲಸ ಮೂರನೆಯದು. ಇದರಲ್ಲಿ ಚಿಮಣಿ, ಒಲೆ, ಫಿಲ್ಟರ್, ಮನೆಯ ಮೇನ್ ಬೋರ್ಡು, ಹೊರಗೋಡೆಯ ಬಿರುಕು ಇಂಥವನ್ನೆಲ್ಲಾ ಹೆಸರು ಹೇಳಿ ಬರೆಯುತ್ತೇನೆ. "ಇತರೆ ಕೆಲಸ ಸೇರಿಲ್ಲ" ಅಂತ ಬರೆದರೆ ಜಗಳದ ಹೊತ್ತಿಗೆ ಅದು ಕೆಲಸಕ್ಕೆ ಬರುವುದಿಲ್ಲ.

ಒಡೆಯದೇ ಗೋಡೆಯ ಸ್ಥಿತಿ ತಿಳಿಯುವುದು ಹೇಗೆ?

ಪೂರ್ತಿ ತಿಳಿಯಲ್ಲ, ಆದರೆ ಬಹಳಷ್ಟು ತಿಳಿಯುತ್ತದೆ. ಇದಕ್ಕೆ ಒಂದು ಅರ್ಧ ದಿನ ಕೊಡಿ.

ಒಂದು ನಾಣ್ಯವನ್ನೋ ಸಣ್ಣ ಸುತ್ತಿಗೆಯ ಹಿಡಿಯನ್ನೋ ತಗೊಂಡು ಗೋಡೆಯನ್ನು ಅಡಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಪ್ಲಾಸ್ಟರ್ ಟಕ್ ಟಕ್ ಅನ್ನುತ್ತದೆ. ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೆ ಡಬ್ಬದ ಮೇಲೆ ಹೊಡೆದ ಹಾಗೆ ಟೊಳ್ಳು ಸದ್ದು. ಟೊಳ್ಳು ಇರುವ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಫೋಟೋ ತೆಗೆದಿಡಿ. ಹಾಗೇ ಮನೆಯವರನ್ನೂ ಕರೆದು ಕೇಳಿಸಿ. ಆ ಸದ್ದು ಕೇಳಿದವರು ಮುಂದೆ ಪ್ಲಾಸ್ಟರ್ ಬಿಲ್ಲಿಗೆ ಚೌಕಾಸಿ ಮಾಡಿದ್ದು ನಾನು ನೋಡಿಲ್ಲ.

ತೇವಕ್ಕೆ ಇನ್ನೊಂದು ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪು ಅಂಟಿಸಿ, ಗಾಳಿ ಆಡಬಾರದು. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಬೆವರಿನ ಹಾಗೆ ಹನಿ ಕಟ್ಟಿದ್ದರೆ ಗೋಡೆಯಿಂದಲೇ ತೇವ ಬರುತ್ತಿದೆ ಅಂತ ಅರ್ಥ. ಹೊರಮೈಯಲ್ಲಿ ಮಾತ್ರ ಇದ್ದರೆ ಅದು ಕೋಣೆಯ ಗಾಳಿಯ ತೇವ. ಒಳಗಿನಿಂದ ಬರುವ ತೇವಕ್ಕೆ ಮದ್ದು ಮಾಡದೆ ಪುಟ್ಟಿ, ಪೇಂಟು ಹೊಡೆದರೆ ಅದು ಎದ್ದು ಬರುತ್ತದೆ. ವಾರ್ಡ್‌ರೋಬ್‌ನ ಹಿಂದಿನ ಹಲಗೆಗೂ ಬೂಷ್ಟು. ಮತ್ತೆ ಹೋಗಿ ಮಾಡಿಕೊಡುವ ಖರ್ಚು ನಿಮ್ಮದೇ.

ಪೈಪಿಗೆ ಬೇರೇನೂ ಬೇಡ. ಬೆಳಿಗ್ಗೆ ಮೊದಲು ನಲ್ಲಿ ತಿರುಗಿಸಿದಾಗ ಬರುವ ನೀರು ಕೆಂಪಗಿದೆಯಾ ಅಂತ ಕೇಳಿ. ಕೆಂಪಗಿದ್ದರೆ ಒಳಗೆ ಜಿಐ ಪೈಪು ತುಕ್ಕು ಹಿಡಿದಿರುವ ಸಾಧ್ಯತೆ ಜಾಸ್ತಿ. ಆ ಬಸವನಹಳ್ಳಿ ಮನೆಯ ಅಮ್ಮನವರು ನಾನು ಮೊದಲ ದಿನ ಹೋದಾಗಲೇ "ಬೆಳಿಗ್ಗೆ ಒಂದು ಚೊಂಬು ನೀರು ಚೆಲ್ಲಿಯೇ ಕಾಫಿಗೆ ಇಡೋದು" ಅಂದಿದ್ದರು. ಕೇಳಿಸಿಕೊಂಡಿದ್ದೆ, ಬರೆದುಕೊಂಡಿರಲಿಲ್ಲ.

ಅಳತೆ ಎಷ್ಟು ಸಲ ತೆಗೆಯಬೇಕು?

ಎರಡು ಸಲ. ಮೊದಲನೆಯದು ಕೋಟೇಶನ್‌ಗೆ. ಎರಡನೆಯದು ಪ್ಲಾಸ್ಟರ್, ಟೈಲ್ಸ್ ಮುಗಿದ ಮೇಲೆ, ಪ್ಲೈವುಡ್ ಕತ್ತರಿಸುವ ಮೊದಲು. ನನ್ನ 8,300 ಹೋಗಿದ್ದು ಎರಡನೆಯದನ್ನು ಬಿಟ್ಟಿದ್ದಕ್ಕೆ. ಹಳೇ ಗೋಡೆ ಕೆಳಗಿನಿಂದ ಮೇಲಕ್ಕೆ ಒಂದೂವರೆ ಇಂಚು ವಾಲಿತ್ತು. ನಾನು ಅಳೆದಿದ್ದು ಸೊಂಟದ ಎತ್ತರದಲ್ಲಿ ಮಾತ್ರ.

ಅಗಲವನ್ನು ಕೆಳಗೆ, ಮಧ್ಯೆ, ಮೇಲೆ ಮೂರು ಕಡೆ ಅಳೆಯಿರಿ. ಮೂರರಲ್ಲಿ ಚಿಕ್ಕದು ಯಾವುದೋ ಅದಕ್ಕೆ ಕ್ಯಾಬಿನೆಟ್ ಮಾಡಿಸಿ, ಉಳಿದ ಸಂದಿಗೆ ಫಿಲ್ಲರ್ ಪಟ್ಟಿ. ಮೂಲೆ ಸರಿಯಾಗಿದೆಯಾ ನೋಡಲು ಒಂದು ಗೋಡೆಯಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ. ಎರಡು ಗುರುತಿನ ನಡುವೆ ಓರೆಯಾಗಿ ಸರಿಯಾಗಿ 5 ಅಡಿ ಬರಬೇಕು. ಬರದಿದ್ದರೆ ಗ್ರಾನೈಟ್ ಕತ್ತರಿಸುವವರಿಗೆ ಬರೀ ಅಳತೆ ಕೊಡಬೇಡಿ, ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಡಿ.

ಎಲ್ಲರೂ ಚದರ ಅಡಿ ರೇಟು ಕೇಳುತ್ತಾರೆ. ಕೊಡಬಹುದಾ?

ಫೋನಲ್ಲಿ ಅಂದಾಜು ಹೇಳಲು ಸರಿ. ಕೋಟೇಶನ್ ಅದರ ಮೇಲೆ ಕಟ್ಟಬೇಡಿ. 3 ಅಡಿ ಅಗಲದ ಕೆಳ ಕ್ಯಾಬಿನೆಟ್ ತಗೊಳ್ಳಿ. ಒಂದು ಶೆಲ್ಫು, ಎರಡು ಬಾಗಿಲು ಇದ್ದರೂ ಮುಂದಿನ ಚದರ ಅಡಿ ಅಷ್ಟೇ, ಮೂರು ಡ್ರಾಯರ್ ಇದ್ದರೂ ಅಷ್ಟೇ. ಆದರೆ ಡ್ರಾಯರ್‌ಗೆ ಮೂರು ಪೆಟ್ಟಿಗೆ, ಮೂರು ಜೊತೆ ಚಾನೆಲ್, ಬಡಗಿಯ ಹೆಚ್ಚಿನ ದಿನ. ಚದರ ಅಡಿ ರೇಟು ಒಪ್ಪಿಕೊಂಡ ಮೇಲೆ "ಇಲ್ಲೆಲ್ಲಾ ಡ್ರಾಯರೇ ಇರಲಿ" ಅಂದರೆ ಇಲ್ಲ ಅನ್ನಲು ನಿಮಗೆ ದಾರಿ ಇರುವುದಿಲ್ಲ.

ಪ್ಲೈವುಡ್ ಕೂಡ ಚದರ ಅಡಿಯಲ್ಲಿ ಬರುವುದಿಲ್ಲ, ಹಾಳೆಯಲ್ಲಿ ಬರುತ್ತದೆ. 8 ಅಡಿಗೆ 4 ಅಡಿ ಅನ್ನುವ ಹಾಳೆ ನಿಜಕ್ಕೂ 2440 ಮಿ.ಮೀ.ಗೆ 1220 ಮಿ.ಮೀ. ವಾರ್ಡ್‌ರೋಬ್ ಪಕ್ಕದ ಹಲಗೆ ಸರಿಯಾಗಿ 2 ಅಡಿ ಆಳ, ಅಂದ್ರೆ ಸುಮಾರು 610 ಮಿ.ಮೀ. ಅಂತ ಬರೆದಿರಿ ಅಂದುಕೊಳ್ಳಿ. ಎರಡು ಪಟ್ಟಿಗೇ 1220 ಮುಗಿಯಿತು, ಗರಗಸದ ಬ್ಲೇಡು ತಿನ್ನುವ 3 ಮಿ.ಮೀ. ಎಲ್ಲಿಂದ ತರುತ್ತೀರಿ? ಎರಡನೇ ಪಟ್ಟಿ ಗಿಡ್ಡ ಆಗುತ್ತದೆ. ಆಳ 600 ಅಂತ ಬರೆದರೆ ಒಂದೇ ಹಾಳೆಯಲ್ಲಿ ಎರಡೂ ಆರಾಮಾಗಿ ಬರುತ್ತವೆ. ಆದ್ದರಿಂದ ಕೋಟೇಶನ್‌ಗೆ ಮೊದಲೇ ಒಂದು ಕಾಗದದಲ್ಲಿ ಹಾಳೆಯ ಚಿತ್ರ ಬರೆದು, ಎಲ್ಲಾ ಹಲಗೆ ಅದರಲ್ಲಿ ಕೂರಿಸಿ, ಎಷ್ಟು ಹಾಳೆ ಬೇಕು ಅಂತ ಎಣಿಸಿ. ಮರದ ಗೆರೆ ಇರುವ ಲ್ಯಾಮಿನೇಟ್ ಆದರೆ ತುಂಡನ್ನು ಅಡ್ಡ ತಿರುಗಿಸಿ ಕೂರಿಸಲು ಆಗುವುದಿಲ್ಲ, ಅದಕ್ಕೆ ವೇಸ್ಟು ಜಾಸ್ತಿ ಹಿಡಿಯಿರಿ.

ಟೈಲ್ಸ್, ನಲ್ಲಿ, ಹ್ಯಾಂಡಲ್ ಮನೆಯವರು ಇನ್ನೂ ಆರಿಸಿಲ್ಲ. ರೇಟು ಹೇಗೆ ಹಾಕಲಿ?

ಒಂದು ಬೆಲೆ ಹಿಡಿದು, ಹಿಡಿದಿದ್ದೀನಿ ಅಂತ ಬರೆದು ಹೇಳಿ. "ಟೈಲ್ಸ್ ಚದರ ಅಡಿಗೆ 55 ರೂಪಾಯಿಯಂತೆ ಹಿಡಿದಿದೆ. ಇದಕ್ಕಿಂತ ಬೆಲೆ ಜಾಸ್ತಿ ಆದರೆ ವ್ಯತ್ಯಾಸ ಸೇರುತ್ತದೆ, ಕಡಿಮೆ ಆದರೆ ಕಳೆಯುತ್ತದೆ." ಕಳೆಯುವುದನ್ನೂ ಬರೆಯಿರಿ, ಬರೆದ ಮೇಲೆ ನಿಜವಾಗಿಯೂ ಕಳೆಯಿರಿ. ಪ್ಲೈವುಡ್‌ಗೆ ಮಾತ್ರ ಹೀಗೆ ಬಿಡಬೇಡಿ. ಗ್ರೇಡು, ದಪ್ಪ, ಕಂಪನಿ ಮೂರೂ ಹೆಸರಿಸಿ. "710 ಗ್ರೇಡ್, 18 ಮಿ.ಮೀ." ಅಂತ ಇಲ್ಲದೆ ಬರೀ "ಒಳ್ಳೇ ಪ್ಲೈವುಡ್" ಅಂತ ಬರೆದರೆ ಒಳ್ಳೆಯದು ಯಾವುದು ಅಂತ ಆಮೇಲೆ ಅವರೇ ತೀರ್ಮಾನಿಸುತ್ತಾರೆ.

ಲಾಭ 15 ಪರ್ಸೆಂಟ್ ಹಾಕಿದ್ದೆ. ಲೆಕ್ಕ ನೋಡಿದರೆ ಅಷ್ಟು ಬಂದಿಲ್ಲ. ಯಾಕೆ?

ಖರ್ಚಿನ ಮೇಲೆ 15 ಹಾಕಿರುತ್ತೀರಿ. ಬರುವ ದುಡ್ಡಿನಲ್ಲಿ 15 ಬೇಕಾದರೆ ಲೆಕ್ಕ ಬೇರೆ. ಅದೇ ಅಡುಗೆಮನೆಗೆ ಇವತ್ತು ನಾನು ಹೇಗೆ ರೇಟು ಹಾಕುತ್ತೇನೆ ನೋಡಿ.

ಮೊದಲಿನ ಖರ್ಚು 3,55,000. ತಟ್ಟಿ, ಕೇಳಿ ಮೊದಲೇ ತಿಳಿಯಬಹುದಾಗಿದ್ದ ಪೈಪು, ಟ್ರ್ಯಾಕ್ಟರ್ ಸೇರಿ 14,500. ನನ್ನ ಮೇಲ್ಖರ್ಚು 18,000. ಇಲ್ಲಿಗೆ 3,87,500. ಪ್ಲಾಸ್ಟರ್ ಇದರಲ್ಲಿ ಇಲ್ಲ, ಅದು ಅಳೆದು ಸೇರುವ ಭಾಗಕ್ಕೆ ಹೋಯ್ತು. ಬದಲಾವಣೆಯೂ ಇಲ್ಲ, ಅದಕ್ಕೆ ಬೇರೆ ಬಿಲ್ಲು.

ಇದರ ಮೇಲೆ ಅನಿರೀಕ್ಷಿತಕ್ಕೆ ಅಂತ 5 ಪರ್ಸೆಂಟ್, ಸುಮಾರು 19,500. ಇದು ನನ್ನ ಕಡೆಯ ತಪ್ಪುಗಳಿಗೆ, ತಡಕ್ಕೆ: ಬಡಗಿ ಎರಡು ದಿನ ಬರಲಿಲ್ಲ, ಸಾಗಿಸುವಾಗ ಗ್ರಾನೈಟ್ ಮೂಲೆ ಒಡೆಯಿತು, ಮಳೆಗೆ ನಾಲ್ಕು ದಿನ ಹೋಯ್ತು. ಹೊಸ ಮನೆಗೆ ನಾನು 3 ಹಾಕುತ್ತೇನೆ. ಹೆಂಚಿನ ಮಾಡು, ಮಣ್ಣಿನ ಗೋಡೆಯ ಮನೆಯಾದರೆ 8ರವರೆಗೂ ಹೋಗುತ್ತೇನೆ. ಈಗ ಒಟ್ಟು 4,07,000.

ಇದಕ್ಕೆ 15 ಪರ್ಸೆಂಟ್ ಸೇರಿಸಿದರೆ 4,68,050. ಉಳಿಯುವ 61,050 ಆ ಮೊತ್ತದ 13 ಪರ್ಸೆಂಟ್ ಮಾತ್ರ. ನಿಜವಾದ 15 ಬೇಕಾದರೆ 4,07,000 ಅನ್ನು 0.85ರಿಂದ ಭಾಗಿಸಬೇಕು. 4,78,824 ಬರುತ್ತದೆ, 4,79,000 ಅಂತ ಹಿಡಿಯಿರಿ. ಹತ್ತಿರ ಹತ್ತಿರ 11,000 ವ್ಯತ್ಯಾಸ ಬರೀ ಲೆಕ್ಕ ಹಾಕುವ ರೀತಿಯಲ್ಲಿ.

ಜಿಎಸ್‌ಟಿ ಸೇರಿಸಿ ಹೇಳಲಾ, ಬಿಟ್ಟು ಹೇಳಲಾ?

ಎರಡರಲ್ಲಿ ಒಂದು, ಆದರೆ ಬರವಣಿಗೆಯಲ್ಲಿ ಇರಲೇಬೇಕು. ನೀವು ಸಾಮಾನ್ಯ ನೋಂದಣಿಯಲ್ಲಿದ್ದರೆ ಸಾಮಾನು ಮತ್ತು ಕೂಲಿ ಸೇರಿದ ಇಂಥ ಕೆಲಸಕ್ಕೆ 18 ಪರ್ಸೆಂಟ್. ಮೇಲಿನ 4,79,000 ತೆರಿಗೆ ಬಿಟ್ಟ ಮೊತ್ತ, ಖರ್ಚಿನಲ್ಲೂ ಸಾಮಾನಿನ ಬೆಲೆ ತೆರಿಗೆ ಬಿಟ್ಟೇ ಹಾಕಿದ್ದೇನೆ. ಕೋಟೇಶನ್‌ನಲ್ಲಿ ಏನೂ ಬರೆಯದೆ, ಮನೆಯವರು "ಎಲ್ಲಾ ಸೇರಿ ಅಂತ ತಾನೇ ಹೇಳಿದ್ದು" ಅಂದರೆ ಏನಾಗುತ್ತದೆ? ಅದರೊಳಗಿಂದಲೇ 73,068 ತೆರಿಗೆ ಕಟ್ಟಬೇಕು. ನಿಮ್ಮ ಲಾಭ ಇದ್ದದ್ದೇ 72,000. ಖರೀದಿಯ ತೆರಿಗೆ ವಾಪಸ್ ಸಿಗುತ್ತದಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದನ್ನು ಬಿಟ್ಟೇ ಖರ್ಚು ಹಾಕಿದ್ದಾಗಿದೆ. ನೋಂದಣಿ ಇಲ್ಲದವರು, ಕಾಂಪೊಸಿಷನ್‌ನಲ್ಲಿ ಇರುವವರು ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ವಸೂಲಿ ಮಾಡುವ ಹಾಗಿಲ್ಲ. ಅವರು ಸಾಮಾನಿನ ಬೆಲೆಯನ್ನು ತೆರಿಗೆ ಸೇರಿಸಿಯೇ ಖರ್ಚಿಗೆ ಹಾಕಬೇಕು.

ಮಳೆಗಾಲದ ಕೆಲಸಕ್ಕೆ ರೇಟು ಬೇರೆ ಇರಬೇಕಾ?

ರೇಟಿಗಿಂತ ದಿನ ಬೇರೆ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ, ಅದರಲ್ಲೂ ಮೂಡಿಗೆರೆ, ಕೊಪ್ಪದ ಕಡೆ, ಪ್ಲಾಸ್ಟರ್ ಒಣಗುವುದು ತುಂಬಾ ನಿಧಾನ. ಒಣಗದೆ ಪುಟ್ಟಿ ಹಚ್ಚುವ ಹಾಗಿಲ್ಲ. ಒಳಗಿನ ಗಾರೆ ಕೆಲಸ ಮುಗಿದ ಕೂಡಲೇ ಬಡಗಿಗಳನ್ನು ಕರೆಸಿ ಕೂರಿಸಿದ್ದು ನನ್ನ ತಪ್ಪು. ಈಗ ಕ್ಯಾಬಿನೆಟ್‌ಗಳನ್ನು ಶೆಡ್ಡಿನಲ್ಲೇ ಮಾಡಿಸಿ, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಪಾಸಾದ ಮೇಲೆ ಮನೆಗೆ ತರುತ್ತೇನೆ. ಕೋಟೇಶನ್‌ನಲ್ಲಿ "ಪೇಂಟ್ ಕೆಲಸ ಗೋಡೆ ಒಣಗಿದ ಮೇಲೆ, ಅದು ಮುಖ್ಯ ಕೆಲಸ ಮುಗಿಯುವ ದಿನಾಂಕಕ್ಕೆ ಸೇರುವುದಿಲ್ಲ" ಅಂತ ಒಂದು ಸಾಲು.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೇರೆ ತೊಂದರೆ. ಕಾಫಿ ಕುಯ್ಲಿನ ಹೊತ್ತಿಗೆ ಹೆಲ್ಪರ್‌ಗಳು ತೋಟಕ್ಕೆ ಹೋಗುತ್ತಾರೆ. ಆಗ ಕೂಲಿ ಸ್ವಲ್ಪ ಮೇಲೆ ಹಿಡಿಯಿರಿ.

ಮಧ್ಯದಲ್ಲಿ "ಹಂಗೇ ಇದೊಂದು ಮಾಡಿಬಿಡಿ" ಅಂದರೆ ಏನು ಮಾಡಲಿ?

ಬೇಡ ಅನ್ನಬೇಡಿ. ಆದರೆ ಅವತ್ತೇ ಬೆಲೆ ಹೇಳಿ, ಅವತ್ತೇ ಬರೆದು ಕಳಿಸಿ.

ಆ ಮನೆಯಲ್ಲಿ ನನ್ನ 14,000 ಹೇಗೆ ಹೋಯ್ತು ಗೊತ್ತಾ? ಮಾತಾಡಿ ರೇಟು ಒಪ್ಪಿದ್ದು ಯಜಮಾನರು. ಅಡುಗೆಮನೆಯಲ್ಲಿ ದಿನಾ ನಿಂತು ನೋಡುತ್ತಿದ್ದದ್ದು ಅವರ ಮನೆಯವರು. ಅಕ್ಕ ಒಳ್ಳೆಯವರು, ಎರಡು ಹೊತ್ತು ಕಾಫಿ ಕೊಡುತ್ತಿದ್ದರು. "ಅಣ್ಣಾ, ಈ ಶೆಲ್ಫ್ ಬದಲು ಡ್ರಾಯರ್ ಮಾಡಿಕೊಡ್ತೀರಾ?" ಅಂತ ಕೇಳಿದ್ದು ನನ್ನನ್ನಲ್ಲ, ಬಡಗಿಯನ್ನು. ಅವನು ಮಾಡಿಬಿಟ್ಟ. ನನಗೆ ಗೊತ್ತಾಗಿದ್ದು ಹಾರ್ಡ್‌ವೇರ್ ಅಂಗಡಿಯ ಬಿಲ್ಲಿನಲ್ಲಿ ಆರು ಜೊತೆ ಚಾನೆಲ್ ಜಾಸ್ತಿ ಕಂಡಾಗ. ಕೆಲಸ ಮುಗಿದ ಮೇಲೆ ಕೇಳಿದರೆ ಯಜಮಾನರು "ನನಗೆ ಯಾರೂ ಹೇಳಲಿಲ್ಲವಲ್ಲ" ಅಂದರು. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ.

ಈಗ ಕೋಟೇಶನ್ ವಿವರಿಸುವ ದಿನ ಅಡುಗೆ ಮಾಡುವವರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ. ಪಾತ್ರೆ ಎಲ್ಲಿ, ಗ್ರೈಂಡರ್ ಎಲ್ಲಿ, ಡ್ರಾಯರ್ ಎಷ್ಟು ಅಂತ ಅವರೇ ಹೇಳಲಿ. ಆಗಲೇ ಅರ್ಧ ಬದಲಾವಣೆ ಮುಗಿದಿರುತ್ತದೆ. ಬಡಗಿಗೆ ಒಂದೇ ಮಾತು: "ಅವರು ಏನೇ ಕೇಳಿದರೂ 'ಆಗುತ್ತೆ ಅಕ್ಕಾ, ಸಾರ್‌ಗೆ ಒಂದು ಮಾತು ಹೇಳಿ' ಅನ್ನು." ಮನೆಯವರು ಹೇಳಿದ ಮೇಲೆ ನಾನು ವಾಟ್ಸಾಪ್‌ನಲ್ಲಿ ಯಜಮಾನರಿಗೂ ಅಕ್ಕನಿಗೂ ಒಟ್ಟಿಗೆ ಕಳಿಸುತ್ತೇನೆ: "ಸಿಂಕ್ ಬಲಕ್ಕೆ ಶೆಲ್ಫ್ ಬದಲು 3 ಡ್ರಾಯರ್. ಹೆಚ್ಚುವರಿ 6,200 ರೂಪಾಯಿ. ಕೆಲಸ 2 ದಿನ ಮುಂದೆ ಹೋಗುತ್ತದೆ. ಸರಿ ಅಂತ ಉತ್ತರ ಬಂದ ಮೇಲೆ ಶುರು ಮಾಡುತ್ತೇವೆ." ದಿನ ಎಷ್ಟು ಅಂತ ಬರೆಯುವುದನ್ನು ಮರೆಯಬೇಡಿ. ಮೊತ್ತದಷ್ಟೇ ಅದೂ ನಿಮ್ಮ ಖರ್ಚು.

ಅಡ್ವಾನ್ಸ್ ಎಷ್ಟು ಕೇಳಲಿ?

ನಾನು ಶುರುವಿಗೆ 40, ಕ್ಯಾಬಿನೆಟ್ ಮನೆಗೆ ಬರುವ ಮೊದಲು 35, ಕೂರಿಸಿದ ಮೇಲೆ 20, ಕೀಲಿ ಕೊಡುವಾಗ 5 ಪರ್ಸೆಂಟ್. ಪ್ಲೈವುಡ್ ಪೂರ್ತಿ ಖರೀದಿಗೆ ನಿಮ್ಮ ಕೈಯಿಂದ ಹಾಕುವ ಹಾಗೆ ಇರಬಾರದು. ಕೋಟೇಶನ್ 15 ದಿನಕ್ಕೆ ಮಾತ್ರ ಅಂತಲೂ ಬರೆಯಿರಿ. ಆರು ತಿಂಗಳು ಬಿಟ್ಟು ಹಳೇ ಕಾಗದ ಹಿಡಿದು ಬರುವವರು ಇದ್ದಾರೆ.

ಇನ್ನೊಬ್ಬರು 4,25,000ಕ್ಕೆ ಮಾಡುತ್ತಾರಂತೆ. ನನ್ನದು 4,79,000. ಇಳಿಸಲಾ?

ರೇಟು ಇಳಿಸಬೇಡಿ, ಕೆಲಸ ಇಳಿಸಿ. ಮೇಲಿನ ಲಾಫ್ಟ್ ಬಾಗಿಲು ಬೇಡ, ಒಳಗೆ ಲ್ಯಾಮಿನೇಟ್ ಬದಲು ಲೈನರ್ ಹಾಕೋಣ, ಸಾಫ್ಟ್ ಕ್ಲೋಸ್ ಬದಲು ಸಾದಾ ಚಾನೆಲ್ ಸಾಕು, ಹೀಗೆ. ಒಂದೊಂದಕ್ಕೂ ಎಷ್ಟು ಕಡಿಮೆ ಆಗುತ್ತದೆ ಅಂತ ಬರೆದು ತೋರಿಸಿ. ಆ ಇನ್ನೊಂದು ಕಾಗದದಲ್ಲಿ ಪ್ಲಾಸ್ಟರ್, ಪೈಪು, ಕಲ್ಲು ಮಣ್ಣು ಸಾಗಿಸುವುದು ಇದೆಯಾ ಅಂತ ಮನೆಯವರೇ ಹುಡುಕಲಿ. ಎಲ್ಲಾ ಇದ್ದೂ 4,25,000 ಆದರೆ ಆ ಕೆಲಸ ಬಿಡಿ. ಅದೇ ಮೊತ್ತಕ್ಕೆ ಅದೇ ಕೆಲಸ ಮಾಡಿ ನನಗೆ ಏನಾಯ್ತು ಅಂತ ಮೇಲೆ ಹೇಳಿದ್ದೇನೆ.

ಕೆಲಸ ನಡೆಯುತ್ತಿರುವಾಗಲೇ ನಷ್ಟದ ಸುಳಿವು ಸಿಗುತ್ತದಾ?

ಸಿಗುತ್ತದೆ, ವಾರಕ್ಕೊಮ್ಮೆ ನೋಡಿದರೆ. ಕೋಟೇಶನ್‌ನ ಖರ್ಚಿನ ಪಟ್ಟಿಯನ್ನೇ ಒಂದು ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲಿ ಇಲ್ಲಿವರೆಗೆ ಆಗಿದ್ದು ಎಷ್ಟು, ಇನ್ನೂ ಎಷ್ಟು ಬೇಕು ಅಂತ ಎರಡು ಕಾಲಂ ಹಾಕಿ. ಎರಡೂ ಕೂಡಿದರೆ ಕೋಟೇಶನ್ ದಾಟುತ್ತಾ ನೋಡಿ. ಬಡಗಿಯ ದಿನಗಳೇ ಮೊದಲು ಸುಳಿವು ಕೊಡುವುದು. 20 ದಿನ ಹಿಡಿದಿದ್ದೀರಿ, 10 ದಿನ ಆಯ್ತು, ಕ್ಯಾಬಿನೆಟ್ ಪೆಟ್ಟಿಗೆ ಇನ್ನೂ ಅರ್ಧ ನಿಂತಿಲ್ಲ ಅಂದರೆ ಅವತ್ತೇ ಕಾರಣ ಕೇಳಿ. ಸಾಮಾನು ತಡವಾಗಿ ಬಂತಾ, ಅಳತೆ ತಪ್ಪಾಯ್ತಾ, ಅಥವಾ ಮನೆಯವರು ಕೇಳಿದ್ದನ್ನೇನಾದರೂ ಅವನು ಸುಮ್ನೆ ಮಾಡುತ್ತಿದ್ದಾನಾ? ಕೊನೆಯದಾದರೆ ಆ ವಾಟ್ಸಾಪ್ ಮೆಸೇಜು ಕಳಿಸಲು ಇನ್ನೂ ಹೊತ್ತು ಮೀರಿಲ್ಲ.